ಸಂಕದ ಮೇಲಿನ ದನ: ಒಂದು ಚಿತ್ರದಿಂದ ಒಂದು ಕತೆ

2024ರ ಜುಲೈ 16, ಮಂಗಳವಾರ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಅಕ್ಕನ ನಂಬರಿನಿಂದ ಒಂದು ಫೋಟೋ ಬಂತು. ಅಕ್ಕ ಅಂದ್ರೆ ನನ್ನ ದೊಡ್ಡಮ್ಮನ ಮಗಳು, ಹೊಸನಗರದ ಕಡೆ ಒಂದು ಹಳ್ಳಿಯಲ್ಲಿ ತೋಟ ಮಾಡಿಕೊಂಡು ಇದ್ದಾಳೆ. ನಾನು ಶಿವಮೊಗ್ಗದಲ್ಲಿ. ಫೋಟೋದಲ್ಲಿ ಇದ್ದದ್ದು ಮಗು ಬರೆದ ಚಿತ್ರ. ಕೆಳಗೆ ಒಂದಕ್ಷರ ಇಲ್ಲ. ಯಾರು ಬರೆದದ್ದು, ಏನು ಬರೆದದ್ದು, ನನಗೆ ಯಾಕೆ ಕಳಿಸಿದ್ದು, ಏನೂ ಇಲ್ಲ. "ಯಾರದ್ದಕ್ಕಾ ಇದು?" ಅಂತ ಕೇಳಿದೆ. ಒಂದೇ ಟಿಕ್ ಬಿತ್ತು. ಪುನರ್ವಸು ಮಳೆ ಆ ವಾರ ಹಿಡಿದು ಬಾರಿಸುತ್ತಿತ್ತು, ಅಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತೆ, ಇನ್ನು ಎರಡು ದಿನ ಅಕ್ಕ ಸಿಗಲ್ಲ ಅಂತ ಗೊತ್ತಾಯಿತು.

ಇತ್ತ ನಾನು ಮಕ್ಕಳ ಪುಟಕ್ಕೆ ಆರುನೂರು ಪದದ ಒಂದು ಕತೆ ಶುಕ್ರವಾರದೊಳಗೆ ಕೊಡಬೇಕಿತ್ತು. ಕೈಯಲ್ಲಿ ಏನೂ ಇರಲಿಲ್ಲ. ಈ ಚಿತ್ರ ಇತ್ತು. ಆ ಮೂರು ದಿನ ಏನು ಮಾಡಿದೆ, ಎಲ್ಲಿ ಎಡವಿದೆ ಅನ್ನೋದನ್ನ ಇಲ್ಲಿ ಬರೆಯುತ್ತೇನೆ.

ಮೊದಲ ಕೆಲಸ, ಕಂಡದ್ದನ್ನಷ್ಟೇ ಬರೆದುಕೊಳ್ಳೋದು. ಅರ್ಥ ಹಚ್ಚೋ ಹಾಗಿಲ್ಲ. "ಒಬ್ಬಂಟಿ ಮನುಷ್ಯ" ಅಂತ ಬರೆದರೆ ಆಗಲೇ ಅರ್ಧ ಕತೆ ಬರೆದ ಹಾಗೆ, "ಒಬ್ಬ ಮನುಷ್ಯ" ಅಂತ ಬರೆಯಬೇಕು. ಹೀಗೆ ಬರೆದುಕೊಂಡೆ:

ಎಡಗಡೆ ಹೆಂಚಿನ ಮನೆ. ಗೋಡೆ ಇದೆ, ಆದರೂ ಒಳಗಿನದ್ದು ಕಾಣುತ್ತೆ: ಒಂದು ಒಲೆ, ಮೇಲೆ ಹಂಡೆ, ಕೆಳಗೆ ಕೆಂಪು ಬೆಂಕಿ. ಒಳಗೆ ಜನ ಇಲ್ಲ. ಮನೆ ಮೇಲೆ ಮಳೆ, ನೀಲಿ ಗೆರೆಗಳು, ಮಾಡಿನಿಂದ ಏಳೋ ಹೊಗೆ. ನಡುವೆ ಹಳ್ಳ, ಅದರ ಮೇಲೆ ಎರಡು ಉದ್ದ ಗೆರೆಯ ಕಾಲುಸಂಕ. ಸಂಕದ ಮೇಲೆ ದನ, ಮುಖ ಮನೆ ಕಡೆ, ನಾಲ್ಕೂ ಕಾಲು ಸಾಲಾಗಿ, ಕಿವಿಯಲ್ಲಿ ಹಳದಿ ಚೌಕ. ದನ ಮನೆಗಿಂತ ದೊಡ್ಡದು. ಸಂಕದ ಕೆಳಗೆ ನೀರಿನಲ್ಲಿ ಕಪ್ಪಗೆ ಗೀಚಿದ ಒಂದು ಗುಡ್ಡೆ. ಬಲಗಡೆ ಮೂರು ಅಡಿಕೆ ಮರ, ಒಬ್ಬ ಸಣ್ಣ ಮನುಷ್ಯ, ಅವನ ಒಂದು ಕೈ ಇನ್ನೊಂದಕ್ಕಿಂತ ಮೂರು ಪಟ್ಟು ಉದ್ದ. ಆ ಕಡೆ ಮಳೆ ಇಲ್ಲ, ಸೂರ್ಯ ಇದ್ದಾನೆ.

ಇಷ್ಟು ಚಿತ್ರದ್ದು. ಫೋಟೋದ್ದು ಬೇರೆ. ಇವೆರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ, ಆದರೆ ಚಿತ್ರ ಬರೆದ ಕೈ ಒಂದು, ಫೋಟೋ ತೆಗೆದ ಕೈ ಇನ್ನೊಂದು ಇರಬಹುದು. ಫೈಲಿನ ಹೆಸರು `IMG-20240716-WA0007.jpg`. ಅದರಲ್ಲಿರೋ ತಾರೀಕು ನನ್ನ ಫೋನಿಗೆ ಬಂದ ದಿನ, ತೆಗೆದ ದಿನ ಅಲ್ಲ. ತೆಗೆದ ಹೊತ್ತು, ಜಾಗ ಎಲ್ಲ ವಾಟ್ಸಾಪ್ ದಾಟೋವಾಗಲೇ ಅಳಿಸಿ ಹೋಗಿರುತ್ತೆ. ಫೋಟೋ ಅಂಚಿನಲ್ಲಿ ಕಾವಿ ನೆಲ, ಒಂದು ಸ್ಟೀಲ್ ಲೋಟದ ಬುಡ. ಚಿತ್ರದ ಕೆಳಭಾಗಕ್ಕೆ ಫೋನಿನದ್ದೇ ನೆರಳು. ಮತ್ತೆ ಒಂದು ಮಜಾ: ಹಾಳೆಯ ಹಿಂದಿನಿಂದ ಕೆಂಪು ಅಂಕಿಗಳು ತಿರುಗುಮುರುಗಾಗಿ ಕಾಣುತ್ತಿದ್ದವು. ದೊಡ್ಡದು ಮಾಡಿ, ಕನ್ನಡಿ ಹಿಡಿದು ಓದಿದೆ, 2, 9, 16, 23, 30. ಭಾನುವಾರಗಳು. ಆ ವರ್ಷ ಎರಡನೇ ತಾರೀಕು ಭಾನುವಾರ ಬಂದದ್ದು ಜೂನಲ್ಲಿ ಮಾತ್ರ. ಅಂದ್ರೆ ಕ್ಯಾಲೆಂಡರಿನ ಜೂನ್ ಹಾಳೆ ಹರಿದು ಕೊಟ್ಟಿದ್ದಾರೆ, ಚಿತ್ರ ಜುಲೈಯದ್ದು. ಚಿತ್ರದ ಮಳೆ ಹೊರಗೆ ಸುರೀತಾ ಇದ್ದ ಮಳೆಯೇ ಇರಬೇಕು ಅಂದುಕೊಂಡೆ. ಇದು ಕತೆಯೊಳಗೆ ಬರಲಿಲ್ಲ, ಆದರೆ ನನಗೆ ಧೈರ್ಯ ಕೊಟ್ಟಿತು.

ಇನ್ನು ಯಾವುದನ್ನ ವಿಚಿತ್ರ ಅಂತ ಹಿಡಿಯಬೇಕು, ಯಾವುದನ್ನ ಬಿಡಬೇಕು ಅನ್ನೋದು. ಇಲ್ಲಿ ಬಹಳ ಜನ ಜಾರುತ್ತಾರೆ. ಗೋಡೆಯೊಳಗೆ ಒಲೆ ಕಾಣೋದು ವಿಚಿತ್ರ ಅಲ್ಲ. ಐದಾರು ವರ್ಷದಿಂದ ಎಂಟರವರೆಗಿನ ಮಕ್ಕಳು ಹೀಗೇ ಬರೆಯುತ್ತಾರೆ, ಕಣ್ಣಿಗೆ ಕಂಡದ್ದಲ್ಲ, ಇದೆ ಅಂತ ಗೊತ್ತಿರೋದನ್ನ. ಫ್ರಾನ್ಸಿನ ಲೂಕೆ ಅನ್ನೋರು ಇದನ್ನ 1927ರಲ್ಲೇ ವಿವರವಾಗಿ ಹೇಳಿದ್ದಾರೆ. ದನ ಮನೆಗಿಂತ ದೊಡ್ಡದಾಗಿರೋದೂ ಹಾಗೇ. "ಮಗುವಿಗೆ ದನದ ಮೇಲೆ ಅಷ್ಟು ಪ್ರೀತಿ" ಅಂತ ತಟ್ಟನೆ ಹೇಳಬಹುದು, ನಿಜವೂ ಇರಬಹುದು, ಆದರೆ ಮೊದಲು ಬರೆದದ್ದಕ್ಕೆ ಜಾಸ್ತಿ ಜಾಗ ಸಿಕ್ಕಿತು ಅನ್ನೋ ಸಾದಾ ಕಾರಣವೂ ಇರುತ್ತೆ. (ನಮ್ಮ ಮಲೆನಾಡು ಗಿಡ್ಡ ನಿಂತರೆ ಮೂರಡಿ. ಅದು ಮನೆ ಮೀರಿ ಬೆಳೆದಿರೋದು ನೋಡಿ ನನಗೂ ಖುಷಿಯೇ ಆಯಿತು, ಇರಲಿ.) ಉದ್ದ ಕೈಯೂ ಅಷ್ಟೆ, ಯಾವ ಕೈ ಕೆಲಸ ಮಾಡುತ್ತೋ ಅದನ್ನ ಮಕ್ಕಳು ಎಳೆದು ಉದ್ದ ಮಾಡುತ್ತಾರೆ. ಈ ಪ್ರಾಯದ ಎಲ್ಲ ಮಕ್ಕಳ ಚಿತ್ರದಲ್ಲೂ ಇರೋದರ ಮೇಲೆ ಕತೆ ಕಟ್ಟಿದರೆ ಆ ಕತೆ ಯಾರ ಚಿತ್ರಕ್ಕೆ ಬೇಕಾದರೂ ಅಂಟುತ್ತೆ. ಈ ಒಂದೇ ಹಾಳೆಯಲ್ಲಿ ಇರೋದು ಬೇಕು.

ಬುಧವಾರ ಬೆಳಿಗ್ಗೆ ಒಂದೇ ಗುಕ್ಕಿಗೆ ಕರಡು ಬರೆದೆ. ಕೆಟ್ಟದಾಗಿ ಬಂತು ಅಂತಲ್ಲ, ಚೆನ್ನಾಗಿಯೇ ಬಂತು, ತೊಂದರೆ ಅಲ್ಲೇ ಇತ್ತು. ನೀರಿನಲ್ಲಿರೋ ಕಪ್ಪು ಗುಡ್ಡೆಯನ್ನ ಹಿಡಿದೆ. ಮಳೆಗಾಲದಲ್ಲಿ ಸಂಕದಿಂದ ಜಾರಿ ಹೋದ ಸುದ್ದಿ ನಮ್ಮ ಕಡೆ ಹೊಸತಲ್ಲ. ದನ ಕೊಚ್ಚಿ ಹೋಗಿದೆ, ಮಗು ಚಿತ್ರದಲ್ಲಿ ಅದನ್ನ ವಾಪಸ್ ಕರೆತಂದಿದೆ, ದನ ಇಲ್ಲ ಅನ್ನೋದು ಓದುಗರಿಗೆ ಕೊನೆಯ ಸಾಲಿನಲ್ಲಿ ಗೊತ್ತಾಗುತ್ತೆ. ಬರೆದು ಮುಗಿಸುವಾಗ ನನ್ನ ಕಣ್ಣೇ ತೇವ ಆಯಿತು. ಅದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು, ಆಗ ಆಗಲಿಲ್ಲ.

ಮಧ್ಯಾಹ್ನ ಊಟ ಮಾಡಿ ಮತ್ತೆ ಚಿತ್ರ ನೋಡಿದೆ. ಕತೆಯ ದನಿಗೂ ಚಿತ್ರದ ದನಿಗೂ ಸಂಬಂಧವೇ ಇರಲಿಲ್ಲ. ಹೇಗೆ ಗೊತ್ತಾಗುತ್ತೆ ಅಂದ್ರೆ, ಗೆರೆ ನೋಡಬೇಕು. ಮಳೆಯ ಗೆರೆಗಳು ಒಂದರ ಪಕ್ಕ ಒಂದು, ಸುಮಾರು ಒಂದೇ ಉದ್ದ, ಅವಸರ ಇಲ್ಲ. ಹೆಂಚು ಒಂದೊಂದೂ ಬಿಡಿಸಿದೆ. ಕಿವಿಯ ಹಳದಿ ಬಿಲ್ಲೆ, ಈಗ ಎಲ್ಲ ದನಕ್ಕೂ ಹನ್ನೆರಡು ಅಂಕಿಯ ನಂಬರ್ ಇರೋ ಬಿಲ್ಲೆ ಚುಚ್ಚುತ್ತಾರಲ್ಲ ಅದು, ಅದರೊಳಗೆ ಚುಕ್ಕಿ ಚುಕ್ಕಿ ಇಟ್ಟಿದೆ, ನಂಬರಿಗೆ. ಇದು ವರದಿ ಕೊಡೋ ಕೈ. ಅಳೋ ಕೈ ಅಲ್ಲ. ನನ್ನ ಕತೆ ಮಾತ್ರ ಮೊದಲ ಸಾಲಿನಿಂದ ಮೂಗು ಎಳೀತಾ ಇತ್ತು.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ದನ ಸತ್ತದ್ದನ್ನ ಕೊನೆಯವರೆಗೆ ಮುಚ್ಚಿಡಬೇಕು ಅಂದ್ರೆ ಮೇಲಿನ ಐನೂರು ಪದ ಓದುಗರಿಗೆ ಸುಳ್ಳು ಹೇಳಬೇಕು. ಎರಡನೇ ಸಲ ಓದಿದರೆ ಕತೆ ಇರಲ್ಲ, ಬರೀ ಆ ಉಪಾಯ ಕಾಣುತ್ತೆ. ಅದೂ ಮಕ್ಕಳ ಪುಟದಲ್ಲಿ, ದೊಡ್ಡವರು ಅಳಲಿ ಅಂತ ಮಗುವಿನ ಚಿತ್ರ ಬಳಸೋದು. ಬೇಡ ಅನಿಸಿತು. ಕರಡು ಪಕ್ಕಕ್ಕಿಟ್ಟೆ.

ಎರಡನೇ ದನಿ ಸುಲಭವಾಗಿ ಕೈಗೆ ಸಿಕ್ಕಿತು. ಒಂದು ಕಡೆ ಬಿಸಿಲು, ಒಂದು ಕಡೆ ಮಳೆ ಇದೆಯಲ್ಲ, ಕಾಗೆಗೂ ನರಿಗೂ ಮದುವೆ. ದನ ಮದುವೆ ಊಟಕ್ಕೆ ಹೊರಟಿದೆ. ಒಂದು ಪುಟ ಬರೆದು ನಿಲ್ಲಿಸಿದೆ. ಚಿತ್ರದಲ್ಲಿ ಕಾಗೆ ಇಲ್ಲ, ನರಿ ಇಲ್ಲ. ಅದು ನನ್ನ ತಲೆಯೊಳಗಿನ ಸಾಮಾನು, ಮಗುವಿನ ಹಾಳೆಯದ್ದಲ್ಲ.

ಆಮೇಲೆ ಚಹಾ ಕುಡೀತಾ ಕೂತಾಗ ಹೊಳೆದದ್ದು ನಿಜಕ್ಕೂ ಸಣ್ಣ ವಿಷಯ. ದನ ಕಾಲುಸಂಕ ದಾಟಲ್ಲ. ಎರಡೋ ಮೂರೋ ಅಡಿಕೆ ಮರದ ದಬ್ಬೆ ಹಾಕಿ, ಹಿಡಿದುಕೊಳ್ಳೋಕೆ ಒಂದು ಬಿದಿರು ಕಟ್ಟಿರೋ ಸಂಕ ಅದು, ಮನುಷ್ಯರೇ ಮಳೆಗಾಲದಲ್ಲಿ ಬೆರಳು ಊರಿ ನಡೀಬೇಕು. ದನ ಹಳ್ಳಕ್ಕೆ ಇಳಿದೇ ದಾಟೋದು. ಪೇಟೆ ಮಗು ಬರೆದಿದ್ದರೆ ಗೊತ್ತಿಲ್ಲದೆ ಬರೆದಿದೆ ಅನ್ನಬಹುದು. ಹೆಂಚು, ಹಂಡೆ, ಕಿವಿ ಬಿಲ್ಲೆ ಇಷ್ಟು ಸರಿಯಾಗಿ ಬರೆಯೋ ಮಗುವಿಗೆ ಇದು ಗೊತ್ತಿರಲೇಬೇಕು. ಗೊತ್ತಿದ್ದೂ ದನವನ್ನ ಸಂಕ ಹತ್ತಿಸಿದೆ.

ನನಗೆ ಬೇಕಾದ್ದು ಇದೇ ಆಗಿತ್ತು. ಈ ಹಾಳೆಗೆ ಮಾತ್ರ ಸೇರಿದ್ದು. ದನಿಯೂ ಅದರ ಜೊತೆಗೇ ಬಂತು. ಆಗದ ಕೆಲಸವನ್ನ ಹೆಂಚು ಎಣಿಸಿದಷ್ಟೇ ನಿಧಾನವಾಗಿ, ಮುಖ ಅಲ್ಲಾಡಿಸದೆ ಹೇಳೋದು. ಆಶ್ಚರ್ಯಸೂಚಕ ಒಂದೂ ಇರಕೂಡದು. ಮೊದಲ ಸಾಲು ಹೀಗೆ ಇಟ್ಟೆ:

"ಗೌರಿ ಸಂಕದ ಮೇಲೆ ಬಂದಳು. ದನ ಸಂಕ ದಾಟುವುದಿಲ್ಲ ಎಂದು ಅಜ್ಜ ಹೇಳಿದ್ದರು. ಗೌರಿಗೆ ಯಾರೂ ಹೇಳಿರಲಿಲ್ಲ."

ಹೇಳೋರು ಯಾರು ಅನ್ನೋ ಪ್ರಶ್ನೆಗೂ ಚಿತ್ರದಲ್ಲೇ ಉತ್ತರ ಇತ್ತು. ಮನೆಯೊಳಗೆ ಒಲೆ ಉರೀತಾ ಇದೆ, ಜನ ಇಲ್ಲ. ಮೊದಲ ಕರಡಿನಲ್ಲಿ ಇದನ್ನ ಖಾಲಿ ಮನೆ ಅಂತ ಓದಿದ್ದೆ. ಈಗ ಬೇರೆ ಕಂಡಿತು. ಒಲೆ ಮುಂದೆ ಕೂತು ಹಳ್ಳದ ಕಡೆ ನೋಡ್ತಾ ಇರೋಳೇ ಚಿತ್ರ ಬರೀತಾ ಇದ್ದಾಳೆ, ತನ್ನನ್ನ ತಾನು ಯಾಕೆ ಬರೆದುಕೊಳ್ಳುತ್ತಾಳೆ? ಹಾಗಾಗಿ ಕತೆ "ನಾನು" ಅಂತ ಆಯಿತು, ಆದರೆ ಆ "ನಾನು" ಕೊನೆಯವರೆಗೂ ಮನೆ ಬಿಟ್ಟು ಹೊರಗೆ ಬರಲ್ಲ.

ದನದ ಮುಖ ಮನೆ ಕಡೆ ಇದ್ದದ್ದರಿಂದ ಘಟನೆಯೂ ತಾನಾಗೇ ನಿಂತಿತು. ಉದ್ದ ಕೈಯ ಮನುಷ್ಯ ಬೆನ್ನ ಹಿಂದೆ ಇದ್ದಾನೆ, ಅಂದ್ರೆ ಕರೀತಾ ಇಲ್ಲ, ಅಟ್ಟುತ್ತಾ ಇದ್ದಾನೆ. ದನದ ತಲೆ ಆ ಕಡೆ ತಿರುಗಿದ್ದರೆ ಇದೇ ಸಾಮಾನು ಇಟ್ಟುಕೊಂಡು ಮನೆ ಬಿಟ್ಟು ಹೋಗೋ ಕತೆ ಬರೆಯಬೇಕಾಗುತ್ತಿತ್ತು. ಗೌರಿ ಬಿಸಿಲು ಬಿಟ್ಟು ಮಳೆಯೊಳಗೆ ಬರುತ್ತಾಳೆ. ಬುದ್ಧಿ ಇರೋ ದನ ಹಾಗೆ ಯಾಕೆ ಮಾಡುತ್ತೆ? ಈ ಕಡೆ ಬೆಂಕಿ ಇದೆ, ಅದಕ್ಕೆ. ಇಷ್ಟೇ ಕತೆ.

ಕಪ್ಪು ಗುಡ್ಡೆ ಮಾತ್ರ ಬಾಕಿ ಇತ್ತು. ಅದನ್ನ ಬಿಟ್ಟು ಬರೆಯೋದು ಮೋಸ, ಹಾಳೆಯಲ್ಲಿ ಅತಿ ಗಟ್ಟಿಯಾಗಿ ಒತ್ತಿ ಬರೆದದ್ದೇ ಅದು. ದೊಡ್ಡದು ಮಾಡಿದರೆ ಕಪ್ಪಿನ ಅಂಚಿನಲ್ಲಿ ಒಂದು ಹಳದಿ ಮೂಲೆ ಕಂಡಿತು. ಕಿವಿಯ ಬಿಲ್ಲೆ! ಅಂದ್ರೆ ಮೊದಲು ಗೌರಿಯನ್ನ ನೀರಿನಲ್ಲೇ ಬರೆದಿದ್ದಾಳೆ, ಬೇಡ ಅಂತ ಗೀಚಿ ಹಾಕಿ, ಸಂಕದ ಮೇಲೆ ಹೊಸದಾಗಿ ಬರೆದಿದ್ದಾಳೆ. ಒಂದೇ ದನ ಎರಡು ಸಲ. ಪತ್ತೇದಾರನ ಹಾಗೆ ಖುಷಿಪಟ್ಟೆ, ಸುಮ್ನೆ ಹೇಳ್ತಿಲ್ಲ, ಎದ್ದು ಮನೆ ತುಂಬಾ ಓಡಾಡಿದೆ. ಕತೆಯ ನಡುವೆ ಒಂದು ಪ್ಯಾರಾ ಸೇರಿಸಿದೆ: ಗೌರಿ ಮೊದಲು ನೀರಿಗೆ ಕಾಲಿಟ್ಟಳು, ನೀರು ಜಾಸ್ತಿ ಇತ್ತು, ನಾನು ಕಪ್ಪು ಬಣ್ಣ ತಗೊಂಡು ಅದನ್ನ ಅಳಿಸಿದೆ, ಸಂಕದ ಮೇಲೆ ಇಟ್ಟೆ.

ಕೊನೆಗೆ ಅಂತ್ಯ. ಮೂರು ಇದ್ದವು. ದನ ಸತ್ತ ಅಂತ್ಯ ಆಗಲೇ ಹೋಗಿತ್ತು. ಗೌರಿ ಮನೆ ಸೇರಿ, ಅಮ್ಮ ಅಕ್ಕಚ್ಚು ಕೊಟ್ಟು, ಎಲ್ಲರೂ ನಗೋದು ಇನ್ನೊಂದು. ಅದರಲ್ಲಿ ತಪ್ಪೇನಿಲ್ಲ, ಆದರೆ ಚಿತ್ರದಲ್ಲಿ ದನ ಇನ್ನೂ ಸಂಕದ ಮೇಲೇ ಇದೆ. ನಾನು ಅವಸರ ಮಾಡಿ ಇಳಿಸಿಬಿಟ್ಟರೆ ಅವಳು ಕಷ್ಟಪಟ್ಟು ಹತ್ತಿಸಿದ್ದು ದಂಡ. ಹಾಗಂತ ಸಂಕದ ಮೇಲೇ ಬಿಟ್ಟು "ದಾಟಿತೋ ಇಲ್ಲವೋ" ಅಂತ ನಿಲ್ಲಿಸೋದೂ ಆಗಲ್ಲ. ದೊಡ್ಡವರ ಕತೆಯಲ್ಲಿ ಅದಕ್ಕೆ ಬೆಲೆ ಇರಬಹುದು, ಇಲ್ಲಿ ಅದು ಮಕ್ಕಳ ನಿದ್ದೆ ಕೆಡಿಸೋ ಕೆಲಸ.

ಮೂರನೆಯದು ಗೆರೆಗಳು ಒಂದರ ಮೇಲೊಂದು ಬಿದ್ದದ್ದರಲ್ಲಿ ಸಿಕ್ಕಿತು. ಮೇಣದ ಬಣ್ಣದಲ್ಲಿ ಯಾವ ಗೆರೆ ಮೊದಲು, ಯಾವುದು ಆಮೇಲೆ ಅಂತ ಎಷ್ಟೋ ಸಲ ಗೊತ್ತಾಗುತ್ತೆ, ಮೇಲೆ ಬಂದ ಬಣ್ಣ ಕೆಳಗಿನದ್ದನ್ನ ಎಳೆದುಕೊಂಡು ಕೊಳೆ ಆಗಿರುತ್ತೆ. ಮಳೆಯ ನೀಲಿ ಹೆಂಚಿನ ಕೆಂಪಿನ ಮೇಲಿತ್ತು, ಅಂದ್ರೆ ಮನೆ ಮೊದಲು, ಮಳೆ ಆಮೇಲೆ. ಮಾಡಿನಿಂದ ಏಳೋ ಹೊಗೆ ಮಾತ್ರ ಮಳೆಗೂ ಮೇಲಿತ್ತು, ನೀಲಿಯನ್ನ ಬಳಿದುಕೊಂಡು ಬೂದಿಯ ಸುರುಳಿ. ಹಾಳೆಯಲ್ಲಿ ಕಟ್ಟಕಡೆಗೆ ಬರೆದದ್ದು ಅದೇ ಇರಬೇಕು, ಕಡೇಪಕ್ಷ ಆ ಮೂಲೆಯಲ್ಲಂತೂ ಹೌದು. ದನ ಬರೆದು, ಮನೆ ಬರೆದು, ಮಳೆ ಸುರಿಸಿ, ಆಮೇಲೆ ನೆನಪಾಗಿದೆ, ಒಲೆ ಉರೀತಿದ್ದರೆ ಹೊಗೆ ಬೇಕಲ್ವಾ ಅಂತ. ಕತೆಯೂ ಅಲ್ಲೇ ನಿಂತಿತು:

"ಗೌರಿ ಸಂಕದ ಅರ್ಧಕ್ಕೆ ಬಂದಾಗ ಈ ಕಡೆಯ ಮಳೆ ಅವಳ ಮೂಗಿಗೆ ತಾಗಿತು. ಅವಳು ನಿಲ್ಲಲಿಲ್ಲ. ನಾನು ಎದ್ದು ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದೆ. ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗಿ, ಮಳೆಯೊಳಗೇ ದಾರಿ ಮಾಡಿಕೊಂಡು ಮೇಲೆ ಹೋಯಿತು."

ಗೌರಿ ಇನ್ನೂ ಸಂಕದ ಮೇಲೇ ಇದ್ದಾಳೆ. ಆದರೆ "ಅವಳು ನಿಲ್ಲಲಿಲ್ಲ" ಅನ್ನೋ ಎರಡು ಪದ ಇದೆ, ಒಲೆಗೆ ಕಟ್ಟಿಗೆ ಬಿದ್ದಿದೆ. ಬರೋ ನೆಂಟರಿಗೆ ನೀರು ಕಾಯಿಸಿದ ಹಾಗೆ. ಬರ್ತಾಳೆ ಅಂತ ಮಗುವಿಗೆ ಗೊತ್ತು, ಓದೋ ಮಗುವಿಗೂ ಗೊತ್ತಾಗುತ್ತೆ.

ಗುರುವಾರ ಸಂಜೆ ಎರಡು ಟಿಕ್ ಬಿತ್ತು. ಹತ್ತು ನಿಮಿಷಕ್ಕೆ ಅಕ್ಕನೇ ಫೋನ್ ಮಾಡಿದಳು.

"ಎಂಥ ಫೋಟೋ ಮಾರಾಯ? ನಾನು ಕಳಿಸಿದ್ದಲ್ಲ. ಪುಟ್ಟಿ ಕಳಿಸಿದ್ದು ಕಾಣ್ತದೆ, ಫೋನ್ ಅವಳ ಕೈಲಿತ್ತು."

ಪುಟ್ಟಿಗೆ ಆರು ವರ್ಷ. ಹಾಗಾದ್ರೆ ಬರೆದ ಕೈ, ಫೋಟೋ ತೆಗೆದ ಕೈ ಒಂದೇ. ಶೀರ್ಷಿಕೆ ಇಲ್ಲದ್ದಕ್ಕೆ ಕಾರಣವೂ ಅಷ್ಟೇ, ಅವಳಿಗೆ ಫೋನಿನಲ್ಲಿ ಟೈಪ್ ಮಾಡೋಕೆ ಬರಲ್ಲ. ದನ ಕ್ಷೇಮವಾಗಿ ಕೊಟ್ಟಿಗೆಯಲ್ಲಿದೆ. ಮೊದಲ ಕರಡು ಹಾಗೇ ಕಳಿಸಿಬಿಟ್ಟಿದ್ದರೆ ಅಕ್ಕ ಪತ್ರಿಕೆಯಲ್ಲಿ ತನ್ನ ದನದ ಸಾವು ಓದುತ್ತಿದ್ದಳು.

ಕತೆ ಮಾಡಿಕೊಂಡಿದ್ದೇನೆ, ಹಾಕಬಹುದಾ ಅಂತ ಕೇಳಿದೆ. ಚಿತ್ರ ಅವಳದ್ದು, ಕೇಳದೆ ಹಾಕೋದು ಸರಿ ಅಲ್ಲ. ಅಕ್ಕ "ಅವಳನ್ನೇ ಕೇಳು" ಅಂತ ಫೋನ್ ಕೊಟ್ಟಳು. ಪುಟ್ಟಿ ಹೂಂ ಅಂದಳು. ಓದಿ ಹೇಳಿದೆ. ಸಂಕದ ವಿಷಯಕ್ಕೆ ಏನೂ ಅನ್ನಲಿಲ್ಲ. ಗೀಚಿ ಅಳಿಸಿದ ಪ್ಯಾರಾ ಬಂದಾಗ ತಡೆದಳು.

"ಮಾವ, ನಾನು ಅಳಿಸಿಲ್ಲ. ಅದು ಎಮ್ಮೆ."

ಫೋನ್ ಇಟ್ಟ ಮೇಲೆ ಮತ್ತೆ ಚಿತ್ರ ತೆಗೆದೆ. ಎಮ್ಮೆಯೇ. ಬೇಡ ಅಂತ ಗೀಚೋ ಗೆರೆ ಅಂಚು ದಾಟಿ ನಾಲ್ಕೂ ಕಡೆ ಹಾರುತ್ತೆ, ಬಣ್ಣ ತುಂಬೋ ಗೆರೆ ಅಂಚಿಗೆ ಬಂದು ತಿರುಗುತ್ತೆ. ಇದು ಅಂಚಿನಲ್ಲಿ ತಿರುಗಿತ್ತು, ಒಂದೊಂದು ಗೆರೆಯೂ. ಪೆನ್ಸಿಲ್ಲಿನಲ್ಲಿ ಮೈ ಬರೆದು ಒಳಗೆ ಕಪ್ಪು ತುಂಬಿದ್ದಳು. ಮೇಲೆ ಫೋನಿನ ನೆರಳು ಬಿದ್ದಿತ್ತು, ವಾಟ್ಸಾಪ್ ಕುಗ್ಗಿಸಿದ ಫೋಟೋ ದೊಡ್ಡದು ಮಾಡಿದರೆ ಪೆನ್ಸಿಲ್ ಗೆರೆ ಚೌಕ ಚೌಕವಾಗಿ ಒಡೆದು ಹೋಗಿತ್ತು. ಅದೆಲ್ಲ ನೆಪ. ಹಳದಿ ಮೂಲೆ ಸಿಕ್ಕ ಖುಷಿಯಲ್ಲಿ ನಾನು ಅಂಚು ನೋಡಲೇ ಇಲ್ಲ. ಬಿಲ್ಲೆ ಎಮ್ಮೆಗೂ ಹಾಕುತ್ತಾರೆ, ಅದೂ ಗೊತ್ತಿತ್ತು.

ಸಂಕದ್ದು ಸರಿಯಾಗಿಯೇ ಹಿಡಿದಿದ್ದೆನಾ ಅಂತ ಕೇಳೋಕೆ ವಾಪಸ್ ಫೋನ್ ಮಾಡಿದೆ. ದನ ಯಾಕೆ ಸಂಕದ ಮೇಲಿದೆ ಪುಟ್ಟಿ? ನೀರಲ್ಲಿ ಎಮ್ಮೆ ಇದೆಯಲ್ಲ, ಜಾಗ ಇಲ್ಲ, ಅಂದಳು.

ಅಳಿಸಿದ ಪ್ಯಾರಾ ತೆಗೆದು ಹಾಕಿದೆ. ನನ್ನ ಮೆಚ್ಚಿನ ಪ್ಯಾರಾ ಅದು, ನಲವತ್ತು ಪದ. ಆ ಜಾಗಕ್ಕೆ ಬಂದದ್ದು:

"ನೀರಿನಲ್ಲಿ ಎಮ್ಮೆ ಮಲಗಿತ್ತು. ಗೌರಿಗೆ ಜಾಗ ಇರಲಿಲ್ಲ. ಎಮ್ಮೆ ತಲೆ ಎತ್ತಿ ಸಂಕದ ಮೇಲೆ ಹೋಗುತ್ತಿರುವ ನಾಲ್ಕು ಕಾಲುಗಳನ್ನು ನೋಡಿತು. ಅದು ಏನೂ ಹೇಳಲಿಲ್ಲ."

ದನಿ ಇನ್ನೂ ಸ್ವಲ್ಪ ಹಗುರ ಆಯಿತು, ನಾನು ಅಷ್ಟು ಹಗುರ ಮಾಡೋಕೆ ಧೈರ್ಯ ಮಾಡಿರಲಿಲ್ಲ. ಹೊಗೆಯ ಅಂತ್ಯಕ್ಕೆ ಕೈ ಹಚ್ಚಲಿಲ್ಲ. ಉದ್ದ ಕೈಯ ಮನುಷ್ಯ ಯಾರು ಅಂತ ನಾನು ಕೇಳಲಿಲ್ಲ, ಕತೆಯಲ್ಲಿ ಅವನು ಅಜ್ಜನೇ. ಚಿತ್ರವನ್ನ ಕತೆ ಜೊತೆ ಅಚ್ಚು ಹಾಕೋದು ಬೇಡ ಅಂತ ಅಕ್ಕ ಅಂದಳು, ಹಾಕಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಳಿಸೋ ಮುಂಚೆ ತಿದ್ದಿದ್ದನ್ನ ಇನ್ನೊಮ್ಮೆ ಪುಟ್ಟಿಗೆ ಓದಿದೆ. ಗೌರಿ ಮನೆಗೆ ಬಂತಾ ಅಂತ ಕೇಳುತ್ತಾಳೆ ಅಂದುಕೊಂಡು ಕಾದೆ. ಕೇಳಲಿಲ್ಲ.

"ಎಮ್ಮೆ ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ. ಮನೆಗೆ ಕರೆತರಲಾ?"

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಬೇಡ ಮಾವ. ಅದು ಪಕ್ಕದ ಮನೆಯವರದ್ದು."